ಸಾರಿಗೆ ಯಾವ ಉಪ್ಪು, ಮಿಡಿಗೆ ಯಾವ ಉಪ್ಪು?

ಮೊದಲೇ ನನ್ನ ಆಯ್ಕೆ ಹೇಳಿಬಿಡುತ್ತೇನೆ. ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪು. ಮಾವಿನಮಿಡಿ, ನಿಂಬೆಕಾಯಿ, ನೆಲ್ಲಿಕಾಯಿಯನ್ನು ಉಪ್ಪಿನಲ್ಲಿ ಹಾಕಿಡುವುದಕ್ಕೆ ಸಮುದ್ರದ ಹರಳುಪ್ಪು. ಸೈಂಧವ ಲವಣ ವ್ರತದ ದಿನಕ್ಕೆ, ಇಲ್ಲವೇ ಅದರ ರುಚಿ ಇಷ್ಟವಾದರೆ. ಯಾಕೆ ಹೀಗೆ ಅನ್ನುವುದಕ್ಕೆ ಕಾರಣಗಳಿವೆ. ಕಾರಣ ಗೊತ್ತಿದ್ದರೆ ನಿಮ್ಮ ಮನೆಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು.

ಅಂಗಡಿಯಲ್ಲಿ ಆಗುವ ಒಂದು ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ನಾವು ಕಲ್ಲುಪ್ಪು, ಹರಳುಪ್ಪು ಎಂದು ಕರೆಯುವುದು ಸಮುದ್ರದ ನೀರನ್ನು ಬಿಸಿಲಿಗೆ ಬತ್ತಿಸಿ ತೆಗೆದ ದಪ್ಪ ಉಪ್ಪು. ಕೆಲವು ಪ್ಯಾಕೆಟ್ಟುಗಳ ಮೇಲೆ ಅದಕ್ಕೇ 'ರಾಕ್ ಸಾಲ್ಟ್' ಎಂದು ಅಚ್ಚಾಗಿರುತ್ತದೆ. ಆದರೆ ನಿಜವಾದ ರಾಕ್ ಸಾಲ್ಟ್ ಎಂದರೆ ಸೈಂಧವ ಲವಣ. ಅದು ಗಣಿಯಿಂದ ಅಗೆದು ತೆಗೆಯುವ ಉಪ್ಪು. ನಮ್ಮಲ್ಲಿಗೆ ಬರುತ್ತಿದ್ದ ತಿಳಿಗುಲಾಬಿ ಬಣ್ಣದ ಸೈಂಧವ ಹೆಚ್ಚಾಗಿ ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯದ್ದು. ಹಿಮಾಚಲದ ಮಂಡಿ ಜಿಲ್ಲೆಯಲ್ಲೂ ಕಲ್ಲಿನ ಉಪ್ಪಿನ ಗಣಿ ಇದೆ. ಅಜ್ಜಿಯ ಕಾಲದ ಉಪ್ಪಿನಕಾಯಿ ಲೆಕ್ಕದಲ್ಲಿ 'ಕಲ್ಲುಪ್ಪು' ಎಂದು ಬರೆದಿದ್ದರೆ ಅದು ಸಮುದ್ರದ್ದು ಎಂದೇ ತಿಳಿಯಿರಿ. ಅದನ್ನು ನೋಡಿ ದುಬಾರಿ ಸೈಂಧವ ತಂದು ಮಿಡಿಗೆ ಹಾಕುವುದು ಬೇಕಿಲ್ಲ.

ಇನ್ನೊಂದು ಮಾತು. ಹರಳು, ಪುಡಿ ಎನ್ನುವುದು ಕಾಳಿನ ಗಾತ್ರ. ಅಯೋಡಿನ್ ಇದೆಯೋ ಇಲ್ಲವೋ ಎನ್ನುವುದು ಬೇರೆ ವಿಷಯ. ಹರಳುಪ್ಪಿನ ಮೇಲೂ ಅಯೋಡಿನ್ ಸಿಂಪಡಿಸಿ ಮಾರುತ್ತಾರೆ. ಹಾಗಾಗಿ ಗಾತ್ರ ನೋಡಿ ತೀರ್ಮಾನಿಸಬೇಡಿ, ಪ್ಯಾಕೆಟ್ ಓದಿ.

ದಿನದ ಅಡುಗೆಯಲ್ಲಿ ಏನು ವ್ಯತ್ಯಾಸ?

ಸಾರು, ಹುಳಿ, ಪಲ್ಯದಲ್ಲಿ ಉಪ್ಪು ಕರಗಿಹೋದ ಮೇಲೆ ನಾಲಿಗೆಗೆ ಗೊತ್ತಾಗುವ ವ್ಯತ್ಯಾಸ ಬಹಳ ಕಡಿಮೆ. ಮೂರರಲ್ಲೂ ಇರುವುದು ಬಹುಪಾಲು ಸೋಡಿಯಂ ಕ್ಲೋರೈಡ್. ಶುದ್ಧೀಕರಿಸಿದ ಪುಡಿ ಉಪ್ಪಿನಲ್ಲಿ ಅದರ ಪಾಲು ಜಾಸ್ತಿ. ಸೈಂಧವದಲ್ಲಿ ಸ್ವಲ್ಪ ಕಡಿಮೆ. ಹರಳುಪ್ಪಿನಲ್ಲಿ ತೇವವೂ ಒಂದಿಷ್ಟು ಮಣ್ಣೂ ಸೇರಿ ಇನ್ನೂ ಸ್ವಲ್ಪ ಕಡಿಮೆ. ಸೌತೆಕಾಯಿ ಹೋಳಿನ ಮೇಲೆ ಉದುರಿಸಿದಾಗ, ಹಸಿ ಮಾವಿನಕಾಯಿಗೆ ಉಪ್ಪು ಖಾರ ಸವರಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಅಲ್ಲೂ ಮುಖ್ಯ ಕಾರಣ ಕಾಳಿನ ಗಾತ್ರ. ದಪ್ಪ ಕಾಳು ನಾಲಿಗೆಯ ಮೇಲೆ ನಿಧಾನವಾಗಿ ಕರಗುತ್ತದೆ, ಪುಡಿ ಒಮ್ಮೆಲೇ ಕರಗುತ್ತದೆ.

'ಬಿಪಿ ಇದೆ, ಅದಕ್ಕೇ ಸೈಂಧವಕ್ಕೆ ಬದಲಾಯಿಸಿದ್ದೇವೆ' ಎನ್ನುವವರು ಈಗ ಎಲ್ಲ ಕಡೆ ಸಿಗುತ್ತಾರೆ. ತೂಕಕ್ಕೆ ತೂಕ ಇಟ್ಟರೆ ಸೈಂಧವದಲ್ಲೂ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಆ 5 ಗ್ರಾಂ ಯಾವ ಉಪ್ಪಿನದ್ದಾದರೂ ಸುಮಾರು 2 ಗ್ರಾಂ ಸೋಡಿಯಂ ಬಂತು. ಸೈಂಧವದಲ್ಲಿ ಖನಿಜಗಳಿವೆ ಎನ್ನುವುದು ಸುಳ್ಳಲ್ಲ. ಅದರ ಗುಲಾಬಿ ಬಣ್ಣವೇ ಕಬ್ಬಿಣದ ಅಂಶದಿಂದ ಬಂದದ್ದು. ಆದರೆ ದಿನಕ್ಕೆ ತಿನ್ನುವ ಉಪ್ಪೇ ಒಂದು ಚಮಚಕ್ಕಿಂತ ಕಡಿಮೆ. ಅದರಲ್ಲಿ ಸಿಗುವ ಪೊಟ್ಯಾಸಿಯಂ ಒಂದು ತುಂಡು ಬಾಳೆಹಣ್ಣಿನಲ್ಲೂ ಸಿಗುತ್ತದೆ. ಬಿಪಿಗೆ ಬೇಕಾದದ್ದು ಉಪ್ಪಿನ ಪ್ರಮಾಣ ಇಳಿಸುವುದು, ಬಣ್ಣ ಬದಲಾಯಿಸುವುದಲ್ಲ.

ನಿಜವಾದ ವ್ಯತ್ಯಾಸ ಇರುವುದು ಅಯೋಡಿನ್‌ನಲ್ಲಿ. 'ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆ' ಎಂದು ತುಂಬಾ ಜನ ನಂಬಿದ್ದಾರೆ. ಮೀನಿನಲ್ಲಿ ಇರುತ್ತದೆ, ಸಮುದ್ರದ ಪಾಚಿಯಲ್ಲಿ ಇರುತ್ತದೆ. ಬಿಸಿಲಿಗೆ ಕಟ್ಟಿದ ಉಪ್ಪಿನ ಹರಳಿನಲ್ಲಿ ಉಳಿಯುವುದು ಲೆಕ್ಕಕ್ಕೆ ಸಿಗದಷ್ಟು. ಸೈಂಧವದ ಕಥೆಯೂ ಹಾಗೇ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಬಸುರಿಯರಿಗೆ ಸುಮಾರು 250. ನಮ್ಮ ಕಾನೂನಿನ ಪ್ರಕಾರ ಉಪ್ಪು ಅಂಗಡಿಗೆ ತಲುಪಿದ ಮೇಲೆ ಒಂದು ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು, ಕಾರ್ಖಾನೆಯಿಂದ ಹೊರಡುವಾಗ ಅದಕ್ಕಿಂತ ಹೆಚ್ಚು. ನಡುವೆ ಒಂದಿಷ್ಟು ಹೋಗಬಹುದು ಎಂದು ಕಾನೂನೇ ಲೆಕ್ಕ ಹಾಕಿದೆ ನೋಡಿ.

ಇದು ಬರೀ ಕಾಗದದ ಮಾತಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1950ರ ದಶಕದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ತಂಡ ಒಂದು ದೊಡ್ಡ ಪ್ರಯೋಗ ಶುರುಮಾಡಿತು. ಅಯೋಡಿನ್ ಸಾಲದೆ ಕುತ್ತಿಗೆ ಊದುವ ಗಳಗಂಡ ಹೆಚ್ಚಾಗಿದ್ದ ಆ ಕಣಿವೆಯ ಕೆಲವು ಭಾಗಕ್ಕೆ ಅಯೋಡಿನ್ ಸೇರಿಸಿದ ಉಪ್ಪನ್ನೂ ಇನ್ನೊಂದು ಭಾಗಕ್ಕೆ ಮಾಮೂಲಿ ಉಪ್ಪನ್ನೂ ಕೊಟ್ಟು ವರ್ಷಗಟ್ಟಲೆ ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಸ್ಪಷ್ಟವಾಗಿ ಇಳಿಯಿತು. 1962ರಲ್ಲಿ ಶುರುವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮದ ಹಿಂದೆ ಇದೇ ಅನುಭವ ಇತ್ತು. ಮೀನು ತಿನ್ನದ, ಹಾಲು ಮೊಟ್ಟೆಯೂ ಕಡಿಮೆ ಇರುವ ಮನೆಯವರು ಪೂರ್ತಿ ಸೈಂಧವಕ್ಕೋ ಮಾಮೂಲಿ ಹರಳುಪ್ಪಿಗೋ ಬದಲಾದರೆ ಅಯೋಡಿನ್ ಬರುವ ಮುಖ್ಯ ದಾರಿಯೇ ಮುಚ್ಚಿದಂತೆ. ಮನೆಯಲ್ಲಿ ಬಸುರಿ ಹೆಂಗಸು ಇದ್ದರಂತೂ ಈ ಬದಲಾವಣೆ ಮಾಡಲೇಬೇಡಿ. ಥೈರಾಯ್ಡ್ ತೊಂದರೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬದಲಾಯಿಸಿ.

ಅಯೋಡಿನ್ ಉಳಿಸಿಕೊಳ್ಳುವುದು ಕಷ್ಟವೇನಲ್ಲ. ನಮ್ಮ ಉಪ್ಪಿಗೆ ಸೇರಿಸುವುದು ಪೊಟ್ಯಾಸಿಯಂ ಅಯೋಡೇಟ್. ಸೆಖೆಯನ್ನೂ ತೇವವನ್ನೂ ಇದು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಆದರೂ ಒಲೆಯ ಪಕ್ಕ ಬಾಯಿ ತೆರೆದಿಟ್ಟ ಡಬ್ಬಿಯಲ್ಲಿ, ಮಳೆಗಾಲದ ತೇವದಲ್ಲಿ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಒಮ್ಮೆಗೆ ಒಂದು ಕಿಲೋಗಿಂತ ಜಾಸ್ತಿ ತರಬೇಡಿ. ಸಾರು ಹುಳಿಗೆ ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ಕುದಿಯುವಾಗ ಹೋಗುವುದೂ ಉಳಿಯುತ್ತದೆ. ಬೇಳೆ, ತರಕಾರಿಯ ಒಳಕ್ಕೆ ಉಪ್ಪು ಹಿಡಿಯಬೇಕು ಎಂದಿದ್ದರೆ ಮೊದಲೇ ಹಾಕಿ. ಅದಕ್ಕಾಗಿ ರುಚಿ ಕೆಡಿಸಿಕೊಳ್ಳುವಷ್ಟು ದೊಡ್ಡ ನಷ್ಟವೇನಿಲ್ಲ.

ಉಪ್ಪಿನಲ್ಲಿ ಅಯೋಡಿನ್ ಇದೆಯಾ ಎಂದು ಮನೆಯಲ್ಲೇ ನೋಡಬಹುದು. ಒಂದು ಆಲೂಗಡ್ಡೆ ಹೆಚ್ಚಿ, ಕತ್ತರಿಸಿದ ಜಾಗಕ್ಕೆ ಉಪ್ಪು ಹಾಕಿ ಒಂದು ನಿಮಿಷ ಬಿಡಿ. ಮೇಲೆ ಎರಡು ಹನಿ ನಿಂಬೆರಸ ಹಿಂಡಿ. ಅಯೋಡಿನ್ ಇದ್ದರೆ ನೀಲಿ ಬಣ್ಣ ಬರುತ್ತದೆ. ಆಲೂಗಡ್ಡೆಯ ಗಂಜಿಗೂ ಅಯೋಡಿನ್‌ಗೂ ಹುಳಿಯ ಜೊತೆ ಆಗುವ ಕ್ರಿಯೆ ಅದು. ಎಷ್ಟು ಇದೆ ಎಂದು ಇದರಿಂದ ತಿಳಿಯುವುದಿಲ್ಲ, ಇದೆ ಎನ್ನುವುದು ಮಾತ್ರ ತಿಳಿಯುತ್ತದೆ.

ಉಪ್ಪಿನಕಾಯಿಗೆ ಬಂದರೆ

ಇಲ್ಲಿ ಆಯ್ಕೆ ನಿಜಕ್ಕೂ ಮುಖ್ಯ. ಉದಾಹರಣೆಗೆ ಅಪ್ಪೆಮಿಡಿ ತೆಗೆದುಕೊಳ್ಳೋಣ. ಉತ್ತರ ಕನ್ನಡದಲ್ಲಿ ಈ ಜೋಡಿ ತಾನಾಗಿಯೇ ಕೂಡಿಬಂದಿದೆ. ಶಿರಸಿ, ಸಿದ್ದಾಪುರದ ಕಡೆ ಅಘನಾಶಿನಿ ದಡದಲ್ಲಿ ಅಪ್ಪೆಮಿಡಿ ಮರಗಳು. ಅದೇ ಹೊಳೆ ಸಮುದ್ರ ಸೇರುವಲ್ಲಿ, ಗೋಕರ್ಣದ ಹತ್ತಿರ, ಸಾಣಿಕಟ್ಟೆಯ ಉಪ್ಪಿನ ಆಗರ. ಅಳಿವೆಯ ಉಪ್ಪುನೀರನ್ನು ಗದ್ದೆಗಳಿಗೆ ಬಿಟ್ಟು, ಬಿಸಿಲಿಗೆ ಬತ್ತಿಸಿ, ಕಟ್ಟಿದ ಹರಳನ್ನು ಎಳೆದು ರಾಶಿ ಹಾಕುತ್ತಾರೆ. ಜೇಡಿಮಣ್ಣಿನ ಗದ್ದೆಯಾದ್ದರಿಂದ ಉಪ್ಪಿಗೆ ಸ್ವಲ್ಪ ಕಂದು ಛಾಯೆ. ಮಿಡಿ ಬರುವುದೂ ಉಪ್ಪು ತೆಗೆಯುವುದೂ ಮಳೆಗಾಲಕ್ಕೆ ಮುಂಚಿನ ಆ ಕೆಲವೇ ತಿಂಗಳಲ್ಲಿ.

ಮಿಡಿಯನ್ನು ಉಪ್ಪಿಗೆ ಹಾಕಿದಾಗ ಎರಡು ಕೆಲಸ ಆಗಬೇಕು. ಉಪ್ಪು ಮಿಡಿಯ ನೀರನ್ನು ಹೊರಗೆಳೆಯಬೇಕು, ಹಾಗೆಯೇ ಉಪ್ಪು ಮಿಡಿಯ ಒಳಕ್ಕೆ ಹೋಗಬೇಕು. ಎರಡೂ ನಿಧಾನವಾಗಿ, ಭರಣಿಯ ಮೇಲಿನಿಂದ ಕೆಳಗಿನವರೆಗೂ ಒಂದೇ ರೀತಿ ಆಗಬೇಕು. ಹರಳುಪ್ಪು ಇಲ್ಲಿ ಗೆಲ್ಲುವುದು ಅದು ನಿಧಾನವಾಗಿ ಕರಗುವುದರಿಂದ. ಪದರ ಪದರವಾಗಿ ಹಾಕಿದಾಗ ಹರಳು ಮಿಡಿಗಳ ನಡುವೆಯೇ ಸಿಕ್ಕಿಕೊಂಡು ದಿನಗಟ್ಟಲೆ ಕರಗುತ್ತಿರುತ್ತದೆ. ಪುಡಿ ಉಪ್ಪು ಹಾಗಲ್ಲ. ಅದು ಸಂದಿಯಲ್ಲಿ ಜಾರಿ ತಳಕ್ಕೆ ಇಳಿಯುತ್ತದೆ. ತಳದ ಮಿಡಿ ಉಪ್ಪಿನಲ್ಲಿ ಮುಳುಗಿ ಒಮ್ಮೆಲೇ ಚಿರುಟುತ್ತದೆ, ಮೇಲಿನ ಮಿಡಿಗೆ ಉಪ್ಪು ಸಾಲದೆ ಮೆತ್ತಗಾಗುತ್ತದೆ. ಪುಡಿ ಉಪ್ಪೇ ಹಾಕಬೇಕಾಗಿ ಬಂದರೆ ಮೊದಲ ಮೂರು ನಾಲ್ಕು ದಿನ ಬೆಳಿಗ್ಗೆ ಸಂಜೆ ಭರಣಿ ಕುಲುಕುವುದನ್ನು ತಪ್ಪಿಸಬೇಡಿ.

ಹರಳುಪ್ಪಿನಲ್ಲಿ ಉಳಿದಿರುವ ಚೂರು ಕ್ಯಾಲ್ಸಿಯಂ, ಮೆಗ್ನೀಸಿಯಂ ಇನ್ನೊಂದು ಸಹಾಯ ಮಾಡುತ್ತವೆ. ಕಾಯಿಯ ಗೋಡೆಯಲ್ಲಿರುವ ಪೆಕ್ಟಿನ್ ಜೊತೆ ಸೇರಿ, ವಿಶೇಷವಾಗಿ ಕ್ಯಾಲ್ಸಿಯಂ, ಅದನ್ನು ಗಟ್ಟಿ ಮಾಡುತ್ತದೆ. ಕಚ್ಚಿದಾಗ 'ಕಟ್' ಎನ್ನುವ ಮಿಡಿ ಬೇಕು ಅಲ್ವಾ? ಹಾಗೆಂದು ಬಲಿತ ಮಿಡಿಯನ್ನೋ ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿಯನ್ನೋ ಯಾವ ಉಪ್ಪೂ ಗಟ್ಟಿ ಮಾಡಲಾರದು.

ಹಾಗಾದರೆ ಅಯೋಡಿನ್ ಉಪ್ಪು ಉಪ್ಪಿನಕಾಯಿ ಕೆಡಿಸುತ್ತದೆಯೇ? ಹೆದರುವಷ್ಟೇನೂ ಇಲ್ಲ. ಕಿಲೋಗೆ 15–30 ಮಿಲಿಗ್ರಾಂ ಅಯೋಡಿನ್‌ನಿಂದ ಮಿಡಿ ಕೊಳೆಯುವುದಿಲ್ಲ. ತೊಂದರೆ ಕೊಡುವುದು ಉಪ್ಪು ಗಂಟುಕಟ್ಟದಂತೆ ಸೇರಿಸುವ ಪುಡಿ. ಪ್ಯಾಕೆಟ್ ಹಿಂದೆ ಐಎನ್‌ಎಸ್ 551 ಎಂದಿದ್ದರೆ ಅದು ಸಿಲಿಕಾ. ಅದು ನೀರಿನಲ್ಲಿ ಕರಗದು. ಉಪ್ಪುನೀರು ಮೋಡ ಕಟ್ಟಿದಂತೆ ಮಸುಕಾಗುತ್ತದೆ, ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ತಿಂದರೆ ಏನೂ ಆಗದು. ಖಾರ ಸಾಸಿವೆ ಅರೆದು ಸೇರಿಸುವ ಮಿಡಿಯಲ್ಲಿ ಅದು ಕಾಣುವುದೂ ಇಲ್ಲ. ತಿಳಿ ಉಪ್ಪುನೀರಿನಲ್ಲಿ ನೆಲ್ಲಿಕಾಯಿ, ಮಾವಿನಕಾಯಿ ಹಾಕಿಡುವವರಿಗೆ ಮಾತ್ರ ಕಷ್ಟ. ಯಾಕೆಂದರೆ ಉಪ್ಪುನೀರು ಮಸುಕಾಗುವುದು ಕೆಡುವ ಸೂಚನೆಯೂ ಹೌದು. ಸಿಲಿಕಾದಿಂದಲೋ ಕೆಟ್ಟಿದ್ದರಿಂದಲೋ ಎಂದು ಬರೀ ನೋಡಿ ಹೇಳಲಾಗದು.

ಅಯೋಡಿನ್ ಇಲ್ಲದ ಉಪ್ಪನ್ನು ನೇರವಾಗಿ ತಿನ್ನಲು ಮಾರುವುದಕ್ಕೆ ನಮ್ಮಲ್ಲಿ 2006ರಿಂದ ನಿಷೇಧವಿದೆ. ಆದರೆ ಆಹಾರ ಕೆಡದಂತೆ ಇಡಲು ಬಳಸುವ ಉಪ್ಪಿಗೆ ವಿನಾಯಿತಿ ಇದೆ. ಹರಳುಪ್ಪಿನ ಕೆಲವು ಚೀಲಗಳ ಮೇಲೆ ಅಂಥ ಒಕ್ಕಣೆ ಕಾಣುವುದು ಅದಕ್ಕೇ. ಕಾರ್ಖಾನೆ ಬಳಕೆಗೆ, ದನಕರುಗಳಿಗೆ ಎಂದು ಬರೆದ ಚೀಲವನ್ನು ಮಾತ್ರ ಅಗ್ಗ ಎಂದು ಉಪ್ಪಿನಕಾಯಿಗೆ ತರಬೇಡಿ.

ಒಂದು ಕಿಲೋ ಮಿಡಿಯ ಲೆಕ್ಕ

ಒಂದು ಕಿಲೋ ಮಿಡಿಗೆ 250 ಗ್ರಾಂ ಹರಳುಪ್ಪು ಎಂದು ಇಟ್ಟುಕೊಳ್ಳಿ. ಎಳೆ ಮಿಡಿಯಲ್ಲಿ ಸುಮಾರು 850 ಗ್ರಾಂ ನೀರೇ ಇರುತ್ತದೆ. ಉಪ್ಪೂ ನೀರೂ ಸೇರಿ 1,100 ಗ್ರಾಂ, ಅದರಲ್ಲಿ 250 ಉಪ್ಪು. ಅಂದರೆ ನೂರಕ್ಕೆ ಸುಮಾರು 23. ನೀರು ಹಿಡಿದುಕೊಳ್ಳಬಲ್ಲ ಉಪ್ಪೇ ನೂರಕ್ಕೆ 26ರಷ್ಟು. ಹಾಗಾಗಿ ಇದು ತುದಿಯ ಹತ್ತಿರವೇ ಇದೆ. ಮಿಡಿ ವರ್ಷ ದಾಟಿ ಉಳಿಯುವುದು ಈ ಬಲದಿಂದ.

ಈಗ ಅಳತೆಯ ವಿಷಯ. ಹಳೆಯ ಲೆಕ್ಕಗಳೆಲ್ಲ ಲೋಟ, ಪಾವು, ಸೇರಿನಲ್ಲಿ ಇರುತ್ತವೆ. ದಪ್ಪ ಹರಳಿನ ನಡುವೆ ಗಾಳಿ ಜಾಸ್ತಿ. 200 ಗ್ರಾಂ ಹರಳು ಹಿಡಿಯುವ ಲೋಟದಲ್ಲಿ ಪುಡಿ ಉಪ್ಪು ತುಂಬಿದರೆ ಸುಮಾರು 250 ಗ್ರಾಂ ಬರಬಹುದು. ಸೈಂಧವದ ತರಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಹರಳಿನ ಲೆಕ್ಕಕ್ಕೆ ಪುಡಿ ಹಾಕಿದರೆ ಉಪ್ಪಿನಕಾಯಿ ಬರೀ ಉಪ್ಪಾಗುತ್ತದೆ, ಅಷ್ಟೇ. ಪುಡಿ ಉಪ್ಪಿನ ಲೆಕ್ಕಕ್ಕೆ ಅಷ್ಟೇ ಲೋಟ ಹರಳು ಹಾಕುವುದು ಅದಕ್ಕಿಂತ ಅಪಾಯ. ಆಗ ಉಪ್ಪು ಸಾಲದೆ ಬೂಷ್ಟು ಬರುತ್ತದೆ. ಯಾವ ಉಪ್ಪು ಹಾಕಿದರೂ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಚಮಚದ ವಿಷಯದಲ್ಲೂ ಹೀಗೇ. ಮಟ್ಟಸವಾಗಿ ತುಂಬಿದ ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ. ಹರಳಾದರೆ ಅದಕ್ಕಿಂತ ಕಡಿಮೆ.

ಹರಳುಪ್ಪಿನ ದೊಡ್ಡ ದೋಷ ತೇವ. ಅದರಲ್ಲಿ ಉಳಿದ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು ನೀರಾಗುತ್ತದೆ. ಸ್ವಲ್ಪ ಕಹಿಯೂ ಅದರದ್ದೇ. ಹೊಸ ಉಪ್ಪಿಗಿಂತ ಹಳೆಯ ಉಪ್ಪನ್ನು ಮಿಡಿಗೆ ಆರಿಸುವುದರಲ್ಲಿ ಅರ್ಥವಿದೆ. ರಾಶಿ ಹಾಕಿಟ್ಟಾಗ ಮೊದಲು ಸೋರಿಹೋಗುವುದು ಆ ಕಹಿ ನೀರೇ. ಮನೆಗೆ ತಂದ ಉಪ್ಪು ಒದ್ದೆ ಎನಿಸಿದರೆ ದಪ್ಪ ತಳದ ಬಾಣಲೆಯಲ್ಲಿ ಹುರಿಯಿರಿ. ಹರಳಿನ ಒಳಗೆ ಸಿಕ್ಕಿಕೊಂಡ ನೀರು ಕಾದು ಚಟಪಟ ಸಿಡಿಯುತ್ತದೆ, ಸ್ವಲ್ಪ ದೂರ ನಿಲ್ಲಿ. ಸಿಡಿಯುವುದು ನಿಂತ ಮೇಲೆ ಇಳಿಸಿ, ಪೂರ್ತಿ ಆರಿಸಿ, ಆಮೇಲೆ ತೂಗಿ. ಒದ್ದೆ ಉಪ್ಪನ್ನು ತೂಗಿದರೆ ನೀರನ್ನೂ ಉಪ್ಪಿನ ಲೆಕ್ಕಕ್ಕೆ ಸೇರಿಸಿದಂತೆ.

ಮಣ್ಣಿನ ಪ್ರಮಾಣ ತಿಳಿಯಲು ಒಂದು ಚಮಚ ಹರಳನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ಸುಮ್ನೆ ಇಟ್ಟುಬಿಡಿ. ತಳದಲ್ಲಿ ತೆಳ್ಳಗೆ ಒಂದು ಪರೆ ಕೂತರೆ ಚಿಂತೆಯಿಲ್ಲ. ಮರಳು ಕಣ್ಣಿಗೆ ಕಾಣುವಷ್ಟಿದ್ದರೆ ಆ ಉಪ್ಪನ್ನು ಒಣ ಪದರವಾಗಿ ಹಾಕಬೇಡಿ. ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿದ ಮೇಲೆ ಮಿಡಿಗೆ ಹೊಯ್ಯಿರಿ. ಆದರೆ ಆಗ ಲೆಕ್ಕ ಬದಲಾಗುತ್ತದೆ. ಅರ್ಧ ಲೀಟರ್ ನೀರು ಸೇರಿಸಿ ಉಪ್ಪು 250 ಗ್ರಾಂನಲ್ಲೇ ನಿಲ್ಲಿಸಿದರೆ ಬಲ ನೂರಕ್ಕೆ 16ಕ್ಕೆ ಇಳಿಯುತ್ತದೆ. ಮೊದಲಿನ ಬಲ ಬೇಕಾದರೆ 400 ಗ್ರಾಂ ಹಾಕಬೇಕು. ನೀರು ಸೇರಿಸಿ ಹಾಕಿದ ಮಿಡಿ ಬೇಗ ಕೆಟ್ಟಿತು ಎಂದು ದೂರುವವರು ಮೊದಲು ಈ ಲೆಕ್ಕ ನೋಡಿಕೊಳ್ಳಬೇಕು.

ಮಿಡಿಯನ್ನು ತೊಟ್ಟಿನ ಜೊತೆ ಕೊಯ್ದು, ತೊಳೆದು, ಒಂದು ಹನಿ ನೀರಿಲ್ಲದಂತೆ ಒರೆಸಿ, ಒಣಗಿದ ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಉಪ್ಪು ಎಂದು ತುಂಬಿ. ಕೊನೆಯ ಪದರ ಉಪ್ಪಿನದ್ದೇ ಇರಲಿ. ಎರಡು ಮೂರು ದಿನದಲ್ಲಿ ನೀರು ಬಿಡುತ್ತದೆ. ವಾರ ಹತ್ತು ದಿನದಲ್ಲಿ ಮಿಡಿ ಚಿರುಟಿ, ಹಸಿರು ಮಾಸಿ, ಉಪ್ಪುನೀರಿನಲ್ಲಿ ಮುಳುಗಿರಬೇಕು. ಆ ಹೊತ್ತಿಗೂ ಮಿಡಿ ಉಬ್ಬಿಕೊಂಡೇ ಇದ್ದರೆ ಉಪ್ಪು ಸಾಲದು ಎಂದರ್ಥ. ಮೇಲೆ ಕೆನೆಯಂಥ ಬಿಳಿ ಪರೆ ಬಂದಿದ್ದರೂ ಕಾರಣ ಸಾಮಾನ್ಯವಾಗಿ ಅದೇ, ಇಲ್ಲವೇ ಮಿಡಿ ನೀರಿನಿಂದ ಮೇಲೆ ಎದ್ದಿದೆ. ಪರೆ ತೆಳ್ಳಗಿದ್ದು, ಮಿಡಿ ಗಟ್ಟಿಯಾಗಿದ್ದು, ವಾಸನೆ ಸರಿಯಿದ್ದರೆ ಪರೆ ತೆಗೆದು, ಉಪ್ಪುನೀರನ್ನು ಬಸಿದು, 30–40 ಗ್ರಾಂ ಉಪ್ಪು ಸೇರಿಸಿ ಕುದಿಸಿ, ಆರಿಸಿ ಮತ್ತೆ ಹೊಯ್ಯಿರಿ. ಕಪ್ಪು, ಹಸಿರು ಬೂಷ್ಟು ಬಂದಿದ್ದರೆ, ಮಿಡಿ ಹಿಚುಕಿದರೆ ಮೆತ್ತಗಿದ್ದರೆ, ಕೊಳೆತ ವಾಸನೆ ಇದ್ದರೆ ಇಡೀ ಭರಣಿ ಚೆಲ್ಲಿ. ಉಪ್ಪು ಸೇರಿಸಿ ಅದನ್ನು ಉಳಿಸಲಾಗದು.

ಸೈಂಧವ ಎಲ್ಲಿ ಸರಿ?

ಏಕಾದಶಿ, ನವರಾತ್ರಿಯ ಉಪವಾಸದ ಅಡುಗೆಯಲ್ಲಿ ಅದರ ಜಾಗ ಯಾರೂ ಕಿತ್ತುಕೊಳ್ಳಲಾರರು. ಆಯುರ್ವೇದವೂ ಉಪ್ಪುಗಳಲ್ಲಿ ಸೈಂಧವವನ್ನು ಉತ್ತಮ ಎನ್ನುತ್ತದೆ. ಮಜ್ಜಿಗೆ, ಪಾನಕ, ಹಣ್ಣಿನ ಹೋಳಿಗೆ ಚೆನ್ನಾಗಿರುತ್ತದೆ. ನಿಂಬೆಕಾಯಿಯನ್ನು ಸೈಂಧವದಲ್ಲಿ ಹಾಕಬಹುದು, ಕೆಡುವುದಿಲ್ಲ. ತೂಕ ಸರಿಯಿದ್ದರೆ ಸಾಕು. ಆದರೆ ಹರಳುಪ್ಪಿಗಿಂತ ಚೆನ್ನಾಗಿ ಉಳಿಯುತ್ತದೆ ಎನ್ನಲು ಕಾರಣವಿಲ್ಲ, ಖರ್ಚು ಮಾತ್ರ ಹಲವು ಪಟ್ಟು.

ಪಾಕಿಸ್ತಾನದ ಸರಕಿಗೆ 2019ರಲ್ಲಿ ಶೇಕಡ 200 ಸುಂಕ ಬಿತ್ತು, 2025ರ ಮೇ ತಿಂಗಳಲ್ಲಿ ಆಮದು ಪೂರ್ತಿ ನಿಂತಿತು. ಹಾಗಾಗಿ ಗುಲಾಬಿ ಉಪ್ಪು ಎಂದು ಈಗ ಏನೇ ಸಿಕ್ಕರೂ ಯಾವ ದೇಶದ್ದು ಎಂದು ಪ್ಯಾಕೆಟ್ ನೋಡಿ. ಬಣ್ಣದ ಮೇಲೆ ಅನುಮಾನ ಬಂದರೆ ಒಂದು ತುಂಡನ್ನು ನೀರಿಗೆ ಹಾಕಿ. ನಿಜವಾದ ಸೈಂಧವ ಕರಗಿದಾಗ ನೀರು ಹೆಚ್ಚುಕಡಿಮೆ ತಿಳಿಯಾಗಿ ಉಳಿದು ತಳದಲ್ಲಿ ಕೆಂಗಂದು ತರಿ ಕೂರುತ್ತದೆ. ನೀರೇ ಗುಲಾಬಿಯಾದರೆ ಅದು ಬಣ್ಣ ಹಾಕಿದ ಉಪ್ಪು. ಗಾಢ ಬಣ್ಣದ, ಮೊಟ್ಟೆಯ ವಾಸನೆಯ ಕಾಳಾ ನಮಕ್ ಬೇರೆಯೇ ಉಪ್ಪು, ಅದನ್ನು ಇದರ ಜಾಗದಲ್ಲಿ ಹಾಕಿ ಮಿಡಿ ಕೆಡಿಸಬೇಡಿ.

ಮೂರು ಡಬ್ಬಿ ಇಡಲು ಜಾಗವಿಲ್ಲ, ಒಂದೇ ಉಪ್ಪು ಸಾಕು ಎನ್ನುವವರು ಅಯೋಡಿನ್ ಸೇರಿಸಿದ ಹರಳುಪ್ಪು ತನ್ನಿ. ಸಾರಿಗೆ ಹಾಗೆಯೇ ಹಾಕಬಹುದು, ಮಿಡಿಗೂ ಆಗುತ್ತದೆ. ಪಲ್ಯ, ಚಿತ್ರಾನ್ನಕ್ಕೆ ಬೇಕಾದಷ್ಟನ್ನು ಮಾತ್ರ ಮಿಕ್ಸಿಯಲ್ಲಿ ಪುಡಿ ಮಾಡಿ ಸಣ್ಣ ಡಬ್ಬಿಯಲ್ಲಿಡಿ. ಮಿಡಿಗಾಗಿ ಈ ಉಪ್ಪನ್ನು ಹುರಿಯುವುದಾದರೆ ಆ ಪಾಲನ್ನು ಬೇರೆಯೇ ಇಡಿ, ದಿನದ ಡಬ್ಬಿಗೆ ವಾಪಸ್ ಸುರಿಯಬೇಡಿ. ಬಾಣಲೆಯ ಕಾವಿನಲ್ಲಿ ಅದರ ಅಯೋಡಿನ್ ಎಷ್ಟು ಉಳಿದಿದೆ ಎಂದು ಲೆಕ್ಕ ಸಿಗುವುದಿಲ್ಲ.